ಹುಳಿಯ ವಿಧಾನದಿಂದ ಸಾಮಗ್ರಿಯನ್ನು ಬೇರ್ಪಡಿಸುವುದು: ಒಂದು ಟಿಪ್ಪಣಿ

ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದ ಪದ್ಯಗಳಿರಲಿ, ಮನೆಯ ಹಳೆಯ ನೋಟುಪುಸ್ತಕಗಳಿರಲಿ, ಸಾಮಗ್ರಿಯ ಹೆಸರು ಅಡುಗೆಯ ವಿವರಣೆಯೊಳಗೇ ಬಂದುಹೋಗುತ್ತದೆ. ಅದನ್ನು ಬೇರ್ಪಡಿಸುವ ಬಗೆಯನ್ನು ನೋಡಲು ನೋಟುಪುಸ್ತಕದ ಧಾಟಿಯಲ್ಲೇ ಬರೆದ ಮಾದರಿಯೊಂದು ಇಲ್ಲಿದೆ:

“ಒಂದು ಲೋಟ ತೊಗರಿಬೇಳೆ ಅರಿಶಿನ ಹಾಕಿ ಬೇಯಿಸಿ, ಎರಡು ಚಮಚ ಹುಳಿಪುಡಿ, ಅರ್ಧ ಬಟ್ಟಲು ಕಾಯಿತುರಿ ರುಬ್ಬಿಟ್ಟುಕೊಂಡು, ಕುಂಬಳಕಾಯಿ ಹೋಳು ಬೆಂದ ಮೇಲೆ ನೆನೆಸಿದ ಹುಣಸೆಹಣ್ಣಿನ ರಸ, ಬೆಲ್ಲ, ಉಪ್ಪು ಹಾಕಿ ಕುದಿಸಿ, ಬೇಳೆ, ರುಬ್ಬಿದ್ದು ಸೇರಿಸಿ, ಚೆನ್ನಾಗಿ ಕುದ್ದ ಮೇಲೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಿ.”

ಮೊದಲು ಅಳತೆ ಯಾವ ಸ್ಥಿತಿಯ ವಸ್ತುವಿಗೆ ಸೇರಿದ್ದು ಎಂದು ನೋಡಬೇಕು. ಇಲ್ಲಿ ಒಂದು ಲೋಟ ಎಂದಿರುವುದು ಹಸಿ ಬೇಳೆಗೆ. ‘ಒಂದು ಲೋಟ ಬೇಯಿಸಿದ ಬೇಳೆ’ ಎಂದಿದ್ದರೆ ಹಸಿ ಬೇಳೆ ಅರ್ಧ ಲೋಟಕ್ಕಿಂತ ಕಡಿಮೆಯೇ ಸಾಕಾಗುತ್ತಿತ್ತು. ಪಟ್ಟಿಯಲ್ಲಿ ಬರಿದೇ ‘ಬೇಳೆ 1 ಲೋಟ’ ಎಂದು ಬರೆದರೆ ಈ ವ್ಯತ್ಯಾಸ ಅಳಿಸಿಹೋಗಿ ಹುಳಿ ಗಟ್ಟಿಯಾಗುತ್ತದೆ, ಇಲ್ಲವೇ ತೆಳ್ಳಗಾಗುತ್ತದೆ. ‘ರುಬ್ಬಿದ್ದು’ ಎಂಬುದು ಪಟ್ಟಿಗೆ ಬರುವಂತಿಲ್ಲ. ಅದು ಹಿಂದಿನ ಹಂತದಲ್ಲಿ ತಯಾರಾದದ್ದು.

ಸಾಮಗ್ರಿ, ಬಳಸುವ ಕ್ರಮದಲ್ಲಿ, ಮೂಲ ಹೇಳದವು ಕೊನೆಗೆ: ಹುಣಸೆಹಣ್ಣು, ತೊಗರಿಬೇಳೆ (ಹಸಿ) 1 ಲೋಟ, ಅರಿಶಿನ, ಹುಳಿಪುಡಿ 2 ಚಮಚ, ಕಾಯಿತುರಿ ½ ಬಟ್ಟಲು, ಕುಂಬಳಕಾಯಿ ಹೋಳು, ಬೆಲ್ಲ, ಉಪ್ಪು, ಸಾಸಿವೆ, ಇಂಗು, ಕರಿಬೇವು, [ನೀರು], [ಎಣ್ಣೆ].

1. ಹುಣಸೆಹಣ್ಣು [ನೀರಿನಲ್ಲಿ] ನೆನೆಸಿ, ರಸ ತೆಗೆಯಿರಿ.
2. ಬೇಳೆಗೆ [ನೀರು], ಅರಿಶಿನ ಹಾಕಿ ಬೇಯಿಸಿ.
3. ಹುಳಿಪುಡಿ, ಕಾಯಿತುರಿ [ನೀರು ಹಾಕಿ] ರುಬ್ಬಿ.
4. ಹೋಳನ್ನು [ನೀರಿನಲ್ಲಿ] ಬೇಯಿಸಿ.
5. ಹೋಳು ಬೆಂದ ಮೇಲೆ ಹುಣಸೆ ರಸ, ಬೆಲ್ಲ, ಉಪ್ಪು ಹಾಕಿ ಕುದಿಸಿ.
6. ಬೇಳೆ, ರುಬ್ಬಿದ್ದು ಸೇರಿಸಿ ಚೆನ್ನಾಗಿ ಕುದಿಸಿ.
7. [ಎಣ್ಣೆಯಲ್ಲಿ] ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಿ.

ಮೂಲದ ಒಂದೇ ವಾಕ್ಯ ಏಳು ಹಂತವಾಗಿದೆ. ಎಲ್ಲೆಲ್ಲಿ ಪಾತ್ರೆ ಬದಲಾಗುತ್ತದೋ, ಎಲ್ಲೆಲ್ಲಿ ಒಂದು ಕೆಲಸ ಮುಗಿಯುವ ತನಕ ಕಾಯಬೇಕೋ ಅಲ್ಲಿ ಹೊಸ ಸಂಖ್ಯೆ ಕೊಟ್ಟಿದ್ದೇನೆ. ಕ್ರಿಯಾಪದಕ್ಕೊಂದು ಹಂತ ಮಾಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ಒಟ್ಟಿಗೇ ನಡೆಯಬೇಕಾದ ಕೆಲಸಗಳು ಚೂರುಚೂರಾಗುತ್ತವೆ. ಹುಣಸೆ ನೆನೆಸುವುದು ಮೂಲದಲ್ಲಿ ನಡುವೆ, ಅದೂ ವಿಶೇಷಣವಾಗಿ ಬಂದಿದೆ. ಸಮಯ ಹಿಡಿಯುವ ಕೆಲಸವಾದ್ದರಿಂದ ಮೊದಲಿಗೆ ತಂದೆ.

‘ಬೆಂದ ಮೇಲೆ’ ಎಂಬ ಷರತ್ತನ್ನು ಮಾತ್ರ ಯಾವ ಕಾರಣಕ್ಕೂ ಬಿಡಬಾರದು. ಹುಳಿ ಬಿದ್ದರೆ ತರಕಾರಿಯ ಪೆಕ್ಟಿನ್ ಬೇಗ ಕರಗುವುದಿಲ್ಲ, ಹೋಳು ಎಷ್ಟು ಕುದಿಸಿದರೂ ಬಿರುಸಾಗಿಯೇ ಉಳಿಯಬಹುದು. ನಾಲ್ಕು, ಐದನೆಯ ಹಂತಗಳನ್ನು ಒಂದುಗೂಡಿಸಿದವರಿಗೆ ಈ ತೊಂದರೆ ಎದುರಾಗಬಹುದು.

ಕೊನೆಗೆ ಪಟ್ಟಿಯ ಪ್ರತಿ ವಸ್ತುವನ್ನೂ ಹಂತಗಳಲ್ಲಿ ಹುಡುಕಿ ಗುರುತು ಹಾಕಬೇಕು, ಆಮೇಲೆ ಹಂತಗಳಿಂದ ಪಟ್ಟಿಗೆ ಹಿಂದಿರುಗಬೇಕು. ಮೂಲ ಹೇಳದ ಎಣ್ಣೆಯೂ ನೀರೂ ಸಿಕ್ಕಿದ್ದು ಈ ಎರಡನೆಯ ಸುತ್ತಿನಲ್ಲಿ. ನಾನು ಸೇರಿಸಿದ್ದನ್ನೆಲ್ಲ ಚೌಕ ಆವರಣದಲ್ಲಿ ಇಟ್ಟಿದ್ದೇನೆ. ಬೆಲ್ಲ, ಹುಣಸೆಹಣ್ಣು ಮೊದಲಾದವುಗಳ ಪ್ರಮಾಣ ಮೂಲದಲ್ಲಿಲ್ಲದ ಕಾರಣ ಪಟ್ಟಿಯಲ್ಲೂ ಖಾಲಿ ಬಿಟ್ಟಿದ್ದೇನೆ.