ಸಿಎನ್‌ಜಿ ಸಿಲಿಂಡರ್ ಎಷ್ಟು ದೊಡ್ಡದಿರಬೇಕು? ಕಿಲೋಮೀಟರಿಗೆ ತಗಲುವ ವೆಚ್ಚವೆಷ್ಟು?

ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಜೋಡಿಸಲು ಹೊರಟವರಿಗೆ ಅಂಗಡಿಯಲ್ಲಿ ಸಾಮಾನ್ಯವಾಗಿ ಒಂದೇ ಸಾಲಿನ ಲೆಕ್ಕ ದೊರೆಯುತ್ತದೆ: ಅನಿಲದ ದರವನ್ನು ಮೈಲೇಜಿನಿಂದ ಭಾಗಿಸಿ, ಪೆಟ್ರೋಲ್ ಖರ್ಚಿನಿಂದ ಕಳೆಯಿರಿ, ಉಳಿದದ್ದೆಲ್ಲ ಲಾಭ. ಈ ಲೆಕ್ಕ ಸುಳ್ಳಲ್ಲ, ಆದರೆ ಅಪೂರ್ಣ. ಸಿಲಿಂಡರಿನಲ್ಲಿ ನಿಜವಾಗಿ ಎಷ್ಟು ಅನಿಲ ಹಿಡಿಯುತ್ತದೆ, ಕಾರು ದಿನವೂ ಎಷ್ಟು ದೂರ ಪೆಟ್ರೋಲಿನಲ್ಲೇ ಓಡುತ್ತದೆ, ಬಂಕ್‌ಗೆ ಹೋಗಿ ಬರಲು ಎಷ್ಟು ಅನಿಲ ವ್ಯಯವಾಗುತ್ತದೆ ಎಂಬ ಮೂರು ಅಂಶಗಳು ಅದರಲ್ಲಿ ಸೇರಿರುವುದಿಲ್ಲ.

ಉದಾಹರಣೆಗೆ, ಧಾರವಾಡದಿಂದ ಹುಬ್ಬಳ್ಳಿಗೆ ನಿತ್ಯ ಹೋಗಿ ಬರುವ ಒಂದು ಹ್ಯಾಚ್‌ಬ್ಯಾಕ್ ಕಾರನ್ನು ಗಮನಿಸಬಹುದು. ದಿನದ ಓಟ 40 ಕಿ.ಮೀ., ತಿಂಗಳಿಗೆ 25 ದಿನ, ಒಟ್ಟು 1,000 ಕಿ.ಮೀ. ಪೆಟ್ರೋಲಿನಲ್ಲಿ ಅದರ ಮೈಲೇಜು ಲೀಟರಿಗೆ 16 ಕಿ.ಮೀ. ಲೆಕ್ಕದ ಅನುಕೂಲಕ್ಕಾಗಿ ಪೆಟ್ರೋಲ್ ಲೀಟರಿಗೆ 100 ರೂ., ಸಿಎನ್‌ಜಿ ಕೆ.ಜಿ.ಗೆ 90 ರೂ., ಕಿಟ್ ಹಾಗೂ ಜೋಡಣೆಗೆ 60,000 ರೂ. ಎಂದಿಟ್ಟುಕೊಳ್ಳೋಣ. ಓದುಗರು ತಮ್ಮ ಊರಿನ ದರಗಳನ್ನು ಈ ಜಾಗದಲ್ಲಿ ಹಾಕಿಕೊಳ್ಳಬಹುದು.

ಲೀಟರ್ ಬೇರೆ, ಕೆ.ಜಿ. ಬೇರೆ

ಸಿಲಿಂಡರಿನ ಅಳತೆಯನ್ನು ಅದರಲ್ಲಿ ಹಿಡಿಯುವ ನೀರಿನ ಲೀಟರಿನಲ್ಲಿ ಹೇಳಲಾಗುತ್ತದೆ. ಈ ಸಂಖ್ಯೆಯನ್ನು ಸಿಲಿಂಡರಿನ ಕುತ್ತಿಗೆಯ ಬಳಿ ಕೊರೆದಿರುತ್ತಾರೆ. ಅಂಗಡಿಯಲ್ಲಿ ಹೇಳುವ ‘ಹತ್ತು ಕೆ.ಜಿ.’, ‘ಹನ್ನೆರಡು ಕೆ.ಜಿ.’ ಎಂಬ ಮಾತಿಗಿಂತ ಕೊರೆದ ಸಂಖ್ಯೆಯನ್ನೇ ನಂಬುವುದು ಲೇಸು.

ವಾಹನಗಳ ಸಿಲಿಂಡರಿಗೆ ಅನಿಲ ತುಂಬುವುದು 200 ಬಾರ್ ಒತ್ತಡದಲ್ಲಿ. ಅನಿಲ 15 ಡಿಗ್ರಿ ಉಷ್ಣತೆಯಲ್ಲಿದ್ದರೆ ಒಂದು ಲೀಟರ್ ಜಾಗದಲ್ಲಿ ಸುಮಾರು 167 ಗ್ರಾಂ ಹಿಡಿಯುತ್ತದೆ. ಅಂದರೆ 60 ಲೀಟರ್ ಸಿಲಿಂಡರಿಗೆ 10 ಕೆ.ಜಿ. ಆದರೆ ವೇಗವಾಗಿ ತುಂಬುವಾಗ ಅನಿಲ ಒತ್ತಡದಿಂದಲೇ ಬಿಸಿಯಾಗುತ್ತದೆ. ಬೇಸಿಗೆಯಲ್ಲಿ ಸಿಲಿಂಡರ್ ಮೊದಲೇ ಕಾದಿರುತ್ತದೆ. ಒಳಗಿನ ಉಷ್ಣತೆ 45 ಡಿಗ್ರಿ ತಲುಪಿದರೆ ಅದೇ 200 ಬಾರ್‌ನಲ್ಲಿ ಲೀಟರಿಗೆ 140 ಗ್ರಾಂ ಮಾತ್ರ ಹಿಡಿಯುತ್ತದೆ. ಬಂಕ್‌ನಲ್ಲಿ 200 ತೋರಿಸಿದ ಮುಳ್ಳು, ಕಾರು ನೆರಳಿನಲ್ಲಿ ತಣಿದ ಮೇಲೆ 170ರ ಆಸುಪಾಸಿಗೆ ಇಳಿಯುವುದಕ್ಕೆ ಇದೇ ಕಾರಣ. ಅದು ಸೋರಿಕೆಯಲ್ಲ. ತಣಿದ ನಂತರವೂ, ನಿಂತ ಕಾರಿನಲ್ಲಿ ಮುಳ್ಳು ದಿನದಿನಕ್ಕೆ ಇಳಿಯುತ್ತಿದ್ದರೆ ಮಾತ್ರ ಸೋರಿಕೆಯನ್ನು ಶಂಕಿಸಿ, ಕಾರನ್ನು ಬಯಲಿನಲ್ಲಿ ನಿಲ್ಲಿಸಿ ಅಧಿಕೃತ ವರ್ಕ್‌ಷಾಪಿನವರಿಗೆ ತೋರಿಸಬೇಕು.

ಇನ್ನು, ಸಿಲಿಂಡರ್ ಪೂರ್ತಿ ಬರಿದಾಗುವವರೆಗೆ ಯಾರೂ ಓಡಿಸುವುದಿಲ್ಲ. 20 ಬಾರ್ ಉಳಿದಾಗ ಬಂಕ್‌ಗೆ ಹೋದರೂ ಲೀಟರಿಗೆ 13 ಗ್ರಾಂನಷ್ಟು ಅನಿಲ ಒಳಗೇ ಇರುತ್ತದೆ. ಹೀಗೆ ಎರಡನ್ನೂ ಕಳೆದರೆ ಬಳಕೆಗೆ ದೊರೆಯುವುದು ಲೀಟರಿಗೆ ಸುಮಾರು 125 ಗ್ರಾಂ. ನೆನಪಿಡಲು ಸುಲಭವಾದ ಸೂತ್ರ ಇದು: ಒಂದು ಕೆ.ಜಿ. ಬಳಕೆಗೆ ಎಂಟು ಲೀಟರ್ ಸಿಲಿಂಡರ್ ಬೇಕು.

ಅಳತೆಯ ನಿರ್ಧಾರ

ಒಂದು ಕೆ.ಜಿ. ಸಿಎನ್‌ಜಿಯಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಒಂದೂವರೆ ಪಟ್ಟು ಶಕ್ತಿ ಇರುತ್ತದೆ. ಹಾಗಾಗಿ ಲೀಟರಿಗೆ 16 ಕಿ.ಮೀ. ಕೊಡುವ ಕಾರಿನಿಂದ ಕೆ.ಜಿ.ಗೆ 23-24 ಕಿ.ಮೀ. ನಿರೀಕ್ಷಿಸಬಹುದು. ಆದರೆ ಪೆಟ್ರೋಲಿಗಾಗಿ ರೂಪಿಸಿದ ಎಂಜಿನ್ ಅನಿಲವನ್ನು ಪೂರ್ಣವಾಗಿ ಸದುಪಯೋಗಪಡಿಸಿಕೊಳ್ಳದು. ಸಿಲಿಂಡರಿನ ಭಾರವೂ ಸೇರುತ್ತದೆ. ಆದ್ದರಿಂದ 21 ಕಿ.ಮೀ. ಎಂದು ಹಿಡಿಯುವುದು ಸುರಕ್ಷಿತ.

ಈ ಕಿಟ್‌ಗಳಲ್ಲಿ ಎಂಜಿನ್ ಮೊದಲು ಪೆಟ್ರೋಲಿನಲ್ಲೇ ಚಾಲೂ ಆಗಿ, ನೀರು ಬಿಸಿಯಾದ ಬಳಿಕ ಅನಿಲಕ್ಕೆ ಬದಲಾಗುತ್ತದೆ. ಬೆಳಿಗ್ಗೆ ಮತ್ತು ಸಂಜೆ ತಲಾ ಒಂದೂವರೆ ಕಿ.ಮೀ. ಹೀಗೆ ಹೋದರೆ ಅನಿಲದಲ್ಲಿ ಓಡುವುದು ದಿನಕ್ಕೆ 37 ಕಿ.ಮೀ. ನಾಲ್ಕು ದಿನಕ್ಕೊಮ್ಮೆ ತುಂಬಿಸುವುದಾದರೆ 148 ಕಿ.ಮೀ. ಬಂಕ್ ದಾರಿಯಿಂದ 4 ಕಿ.ಮೀ. ಒಳಗಿದ್ದರೆ ಹೋಗಿ ಬರುವ 8 ಕಿ.ಮೀ. ಸೇರಿ 156. ಇದನ್ನು 21ರಿಂದ ಭಾಗಿಸಿದರೆ 7.4 ಕೆ.ಜಿ.; ಎಂಟರಿಂದ ಗುಣಿಸಿದರೆ 59 ಲೀಟರ್. ಈ ಕಾರಿಗೆ 60 ಲೀಟರ್ ಸಿಲಿಂಡರ್ ಸಾಕು.

ಖರ್ಚಿನ ನಿಜ ರೂಪ

ಅನಿಲದ ಬರಿಯ ಖರ್ಚು 90ನ್ನು 21ರಿಂದ ಭಾಗಿಸಿದಾಗ ಕಿಲೋಮೀಟರಿಗೆ 4.29 ರೂ. ಪೆಟ್ರೋಲಿನದು 6.25 ರೂ. ಈಗ ಬಿಟ್ಟುಹೋದ ಅಂಶಗಳನ್ನು ಸೇರಿಸಬೇಕು. ದಿನದ 37 ಕಿ.ಮೀ. ಅನಿಲಕ್ಕೆ 158.60 ರೂ. ತಣ್ಣನೆಯ ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುವುದರಿಂದ ಆ 3 ಕಿ.ಮೀ.ಗೆ ಲೀಟರಿಗೆ 12 ಕಿ.ಮೀ. ಎಂದು ಹಿಡಿದರೆ 25 ರೂ. ಒಟ್ಟು 183.60 ರೂ.; ಅಂದರೆ ಕಿಲೋಮೀಟರಿಗೆ 4.59 ರೂ. ಬಂಕ್‌ಗೆ ಹೋಗಿ ಬರುವ 34 ರೂ. ವೆಚ್ಚವನ್ನು ನಾಲ್ಕು ದಿನದ 160 ಕಿ.ಮೀ.ಗೆ ಹಂಚಿದರೆ ಇನ್ನೂ 21 ಪೈಸೆ. ಅಂತಿಮ ವೆಚ್ಚ 4.80 ರೂ., ಉಳಿತಾಯ 1.45 ರೂ.

ಈ ದರದಲ್ಲಿ ಕಿಟ್‌ನ ಹಣ ಮರಳಲು 41 ತಿಂಗಳು ಬೇಕು. ಕೆ.ಜಿ.ಗೆ 25 ಕಿ.ಮೀ. ಎಂದು ಮಾರಾಟಗಾರರು ಹೇಳಿದ್ದನ್ನು ನಂಬಿ, ಉಳಿದದ್ದನ್ನು ಬಿಟ್ಟು ಲೆಕ್ಕ ಹಾಕಿದ್ದರೆ 23 ತಿಂಗಳು ಎಂದು ತೋರುತ್ತಿತ್ತು. ಸಾಲದ ಕಂತು ಕಟ್ಟಿ ಕಿಟ್ ಹಾಕಿಸುವವರಿಗೆ ಈ ಒಂದೂವರೆ ವರ್ಷದ ಅಂತರ ಸಣ್ಣದಲ್ಲ. ಜೊತೆಗೆ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ, ಹೈಡ್ರೋ ಟೆಸ್ಟ್ ಎನ್ನಲಾಗುವ ಜಲ ಒತ್ತಡ ಪರೀಕ್ಷೆ ಕಡ್ಡಾಯ. ಅಂದರೆ ಬಂಡವಾಳ ಮರಳುವ ಮೊದಲೇ ಮೊದಲ ಪರೀಕ್ಷೆಯ ಖರ್ಚು ಎದುರಾಗುತ್ತದೆ. ತಿಂಗಳಿಗೆ 500 ಕಿ.ಮೀ. ಮಾತ್ರ ಓಡುವ ಕಾರಿಗೆ ಹಣ ಮರಳಲು ಏಳು ವರ್ಷ ಬೇಕಾಗುವುದರಿಂದ ಹಳೆಯ ಕಾರಿಗೆ ಕಿಟ್ ಹಾಕಿಸದಿರುವುದೇ ಮೇಲು.

ದೊಡ್ಡ ಸಿಲಿಂಡರಿನಿಂದ ಲಾಭವೇ?

75 ಲೀಟರ್ ಸಿಲಿಂಡರ್ ಹಾಕಿದರೆ ಐದು ದಿನಕ್ಕೊಮ್ಮೆ ತುಂಬಿಸಿದರಾಯಿತು. ಬಂಕ್ ಓಡಾಟದ ವೆಚ್ಚ 21 ಪೈಸೆಯಿಂದ 17 ಪೈಸೆಗೆ ಇಳಿಯುತ್ತದೆ. ತಿಂಗಳಿಗೆ ಉಳಿಯುವುದು ಸುಮಾರು 40 ರೂ. ಅದಕ್ಕೆ ಪ್ರತಿಯಾಗಿ ಸುಮಾರು 15 ಕೆ.ಜಿ. ಹೆಚ್ಚಿನ ಉಕ್ಕನ್ನು ಹಿಂಬದಿಯಲ್ಲಿ ಹೊತ್ತು ತಿರುಗಬೇಕು. ಡಿಕ್ಕಿಯಲ್ಲಿ ಉಳಿದ ಅಲ್ಪಸ್ವಲ್ಪ ಜಾಗವೂ ಹೋಗುತ್ತದೆ. ಬಂಕ್‌ನ ಸರದಿ ಉದ್ದವಾಗಿದ್ದರೆ ಅಥವಾ ಬಂಕ್ ಬಹಳ ದೂರವಿದ್ದರೆ ಮಾತ್ರ ದೊಡ್ಡ ಸಿಲಿಂಡರಿಗೆ ಅರ್ಥವಿದೆ.

ಪರಿಶೀಲನೆಯ ಬಗೆ

ಕಿಟ್ ಜೋಡಿಸಿದ ಬಳಿಕ ಮೈಲೇಜನ್ನು ತಿಳಿಯಲು ಸಿಲಿಂಡರ್ ತುಂಬಿಸಿ, ಓಡಿಸಿ, ಅದೇ ಬಂಕ್‌ನಲ್ಲಿ ಮತ್ತೆ ಅಷ್ಟೇ ಒತ್ತಡಕ್ಕೆ, ಸಾಧ್ಯವಾದರೆ ಬೆಳಗಿನ ತಂಪಿನಲ್ಲಿ ತುಂಬಿಸಬೇಕು. ರಸೀದಿಯ ಕೆ.ಜಿ.ಯಿಂದ ಕಿಲೋಮೀಟರನ್ನು ಭಾಗಿಸಿದರೆ ಅಂಕಿ ಸಿಗುತ್ತದೆ. ಒಂದು ಸಲದ ಅಂಕಿಯನ್ನು ನೆಚ್ಚದೆ ಐದಾರು ಸಲದ ಸರಾಸರಿ ತೆಗೆಯಬೇಕು; ಏಕೆಂದರೆ ಸರದಿ ಹೆಚ್ಚಿದ್ದಾಗ ಬಂಕ್‌ನ ಒತ್ತಡವೇ ಕುಸಿದು 170 ಬಾರ್‌ಗೇ ಅನಿಲ ನಿಲ್ಲುವುದುಂಟು.

ಕಿಟ್ ಆ ಮಾದರಿಯ ಕಾರಿಗೆ ಅನುಮೋದಿತವಾಗಿರಬೇಕು. ಬಿಎಸ್-6 ಪೆಟ್ರೋಲ್ ಕಾರುಗಳಿಗೂ 2022ರಿಂದ ಇದಕ್ಕೆ ಅವಕಾಶ ಕಲ್ಪಿಸಲಾಗಿದೆ. ಜೋಡಣೆಯ ನಂತರ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಇಂಧನ ಬದಲಾವಣೆಯನ್ನು ನಮೂದಿಸಿ, ವಿಮಾ ಕಂಪನಿಗೂ ತಿಳಿಸುವುದು ಅಗತ್ಯ. ಇದಕ್ಕೆ ತಗಲುವ ಶುಲ್ಕ ಹಾಗೂ ವಿಮೆಯ ಹೆಚ್ಚುವರಿ ಕಂತನ್ನು 60,000 ರೂ.ಗಳ ಜೊತೆ ಕೂಡಿಸಿಯೇ ಮೇಲಿನ ಲೆಕ್ಕವನ್ನು ಮತ್ತೊಮ್ಮೆ ಹಾಕಬೇಕು.