ಉಪ್ಪುನೀರಿನಲ್ಲಿ ತೊಳೆದರೆ ಬಿತ್ತನೆಯ ರೋಗವೆಲ್ಲ ಹೋಗುತ್ತದೆಯೇ?

ಸಜ್ಜೆಯ ಜೋನಿ ರೋಗಕ್ಕೆ ಇದು ಉಪಯುಕ್ತ, ಕಬ್ಬಿನ ಕಾಡಿಗೆ ರೋಗಕ್ಕೆ ಅಲ್ಲ. ಏಕೆಂದು ನೋಡೋಣ.

ಯಾದಗಿರಿ, ಸುರಪುರದ ಕಡೆ ಮುಂಗಾರು ಸಜ್ಜೆ ಹೂವಾಡುವಾಗ ಮೋಡ, ಜಿಟಿಜಿಟಿ ಮಳೆ ಹಿಡಿದರೆ ತೆನೆಯಿಂದ ಅಂಟು ಜೋನಿ ಒಸರಬಹುದು. ಅದರಲ್ಲಿರುವ ಶಿಲೀಂಧ್ರದ ಕಣಗಳನ್ನು ಮಳೆಹನಿ, ಕೀಟಗಳು ಬೇರೆ ಹೂಗಳಿಗೆ ಒಯ್ಯುತ್ತವೆ. ಮುಂದೆ ಕಾಳಿನ ಜಾಗದಲ್ಲಿ ವಿಷಕಾರಿ ಕಪ್ಪು ಗಟ್ಟಿಗಳು ಬಲಿತು ರಾಶಿಯಲ್ಲಿ ಬೆರೆಯುತ್ತವೆ. ಬೀಜದೊಂದಿಗೆ ಮಣ್ಣು ಸೇರಿದರೆ ಅವೇ ಮೊಳೆತು ಹೊಸ ತೆನೆಗೆ ರೋಗ ತರುತ್ತವೆ. 10 ಲೀಟರ್ ನೀರಿಗೆ 1 ಕೆ.ಜಿ. ಉಪ್ಪು ಕರಗಿಸಿ ಬೀಜ ಸುರಿದರೆ ಹಗುರವಾದ ಈ ಗಟ್ಟಿಗಳು ತೇಲುತ್ತವೆ. ಅವನ್ನು ದನಕ್ಕೆ ಹಾಕದೆ ನಾಶಮಾಡಿ, ಬೀಜವನ್ನು ಒಳ್ಳೆಯ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು.

ಕಾಡಿಗೆ ಶಿಲೀಂಧ್ರ ಕಬ್ಬಿನ ಕಣ್ಣಿನೊಳಗೇ ಅಡಗಿರುತ್ತದೆ. ತುಂಡು ಚೆನ್ನಾಗಿಯೇ ಕಂಡರೂ, ನಾಟಿಯಾಗಿ ಕೆಲವು ತಿಂಗಳಿಗೆ ಸುಳಿಯಿಂದ ಕಪ್ಪು ಚಾಟಿ ಹೊರಡುತ್ತದೆ. ಅದರ ಪುಡಿ ಗಾಳಿಯಲ್ಲಿ ಹಾರಿ ಪಕ್ಕದ ಕಬ್ಬಿನ ಕಣ್ಣುಗಳಿಗೆ ತಗಲುತ್ತದೆ. ಇದಕ್ಕೆ 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 2 ತಾಸಿನ ಉಪಚಾರ ಬೇಕು. ಚಾಟಿ ಕಂಡ ಹೊಲದ ಕಬ್ಬನ್ನಂತೂ ಬಿತ್ತನೆಗೆ ತರಲೇಬಾರದು.