ಕ್ಲಬ್‌ಗೆ ಹೋಗೋದು ಬಿಟ್ಟರೆ ಸದಸ್ಯತ್ವ ಹೋಗಲ್ಲ: ರಾಜೀನಾಮೆ ಕೊಡುವ ಸರಿಯಾದ ಕ್ರಮ ಇಲ್ಲಿದೆ

ತಾಲ್ಲೂಕು ಕೇಂದ್ರಗಳ ರಿಕ್ರಿಯೇಷನ್ ಕ್ಲಬ್, ಷಟಲ್ ಕ್ಲಬ್‌ಗಳಿಗೆ ಸೇರಿದ ಎಷ್ಟೋ ಜನ ವರ್ಷ ಎರಡು ವರ್ಷ ಹೋಗಿ ಸುಮ್ಮನಾಗುತ್ತಾರೆ. 'ಹೋಗ್ತಾನೇ ಇಲ್ವಲ್ಲ, ದುಡ್ಡು ಯಾಕೆ ಕೊಡ್ಬೇಕು' ಅನ್ನೋದು ಅವರ ಲೆಕ್ಕ. ಕ್ಲಬ್‌ನ ಲೆಡ್ಜರ್‌ನಲ್ಲಿ ಮಾತ್ರ ವಾರ್ಷಿಕ ಚಂದಾ ಬಾಕಿ ಏರುತ್ತಲೇ ಇರುತ್ತದೆ.

ಇಂಥ ಕ್ಲಬ್‌ಗಳಲ್ಲಿ ಹೆಚ್ಚಿನವು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಣಿ ಆಗಿರುತ್ತವೆ. ಸಂಘದ ನಿಯಮದಂತೆ ಸೇರಿದವರು ಅದೇ ನಿಯಮದಂತೆ ರಾಜೀನಾಮೆ ಕೊಡುವವರೆಗೂ ಸದಸ್ಯರೇ. ಬಂದರಾ, ಆಡಿದರಾ ಅನ್ನೋದು ಲೆಕ್ಕಕ್ಕಿಲ್ಲ.

ಮೊದಲು ಬೈಲಾ ನೋಡಿ

ಕಾರ್ಯದರ್ಶಿ ಹತ್ತಿರ ಬೈಲಾ ಪ್ರತಿ ಕೇಳಿ ಪಡೆಯಬೇಕು. ಅದರಲ್ಲಿ ಮೂರು ವಿಷಯ ನೋಡಿದರೆ ಸಾಕು. ಕ್ಲಬ್‌ನ ವರ್ಷ ಯಾವ ದಿನ ಮುಗಿಯುತ್ತದೆ? ಎಷ್ಟು ದಿನ ಮುಂಚೆ ನೋಟಿಸ್ ಕೊಡಬೇಕು? ರಾಜೀನಾಮೆ ಪತ್ರ ತಲುಪಿದ ದಿನದಿಂದ ಜಾರಿಯೋ, ಸಮಿತಿ ಒಪ್ಪಿದ ದಿನದಿಂದಲೋ? ಮೂರನೆಯದನ್ನು ನೋಡದೆ ಸಿಕ್ಕಿಹಾಕಿಕೊಳ್ಳುವವರೇ ಜಾಸ್ತಿ. ಸಮಿತಿ ಒಪ್ಪಿದ ದಿನದಿಂದ ಅಂತಿದ್ದರೆ, ಸಭೆ ಮುಂದಕ್ಕೆ ಹೋದಷ್ಟೂ ಸದಸ್ಯತ್ವವೂ ಮುಂದುವರಿಯುತ್ತದೆ.

ಒಂದು ಉದಾಹರಣೆ

ಹಾರ್ಡ್‌ವೇರ್ ಅಂಗಡಿಯ ಮಾಲೀಕರೊಬ್ಬರು ಕ್ಲಬ್ ಸದಸ್ಯರು ಅಂದುಕೊಳ್ಳಿ. ವರ್ಷದ ಚಂದಾ 2,400 ರೂಪಾಯಿ, ವಾಪಸ್ ಬರುವ ಠೇವಣಿ 5,000, ಕ್ಯಾಂಟೀನ್ ಬಾಕಿ 350. ಕ್ಲಬ್‌ನ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಒಂದು ತಿಂಗಳ ನೋಟಿಸ್ ಬೇಕು. ಈ ವರ್ಷದ ಚಂದಾ ಕಟ್ಟಿದ್ದಾರೆ, ಆದರೆ ನವೆಂಬರ್‌ನಿಂದ ಕ್ಲಬ್‌ಗೆ ಹೋಗಿಲ್ಲ.

ಫೆಬ್ರವರಿ 20ಕ್ಕೆ ಪತ್ರ ಕೊಟ್ಟು, ಮಾರ್ಚ್ 10ರ ಸಭೆಯಲ್ಲಿ ಒಪ್ಪಿಗೆ ಸಿಕ್ಕರೆ ಮಾರ್ಚ್ 31ಕ್ಕೆ ಅವರು ಹೊರಗೆ. ಕ್ಯಾಂಟೀನ್ ಬಾಕಿ ಕಳೆದು 4,650 ರೂಪಾಯಿ ಕೈಗೆ ಬರುತ್ತದೆ. ಅದೇ ಪತ್ರವನ್ನು ಏಪ್ರಿಲ್ 10ಕ್ಕೆ ಕೊಟ್ಟರೆ ಹೊಸ ವರ್ಷ ಶುರುವಾಗಿರುತ್ತದೆ, ಅದರ 2,400 ಕೂಡ ಕಳೆದು ಸಿಗೋದು 2,250 ಮಾತ್ರ. ಪತ್ರವನ್ನೇ ಕೊಡದೆ ಎರಡು ವರ್ಷ ಸುಮ್ಮನಿದ್ದರೆ ಚಂದಾ ಬಾಕಿಯೇ 4,800. ಠೇವಣಿ ಪೂರ್ತಿ ಕರಗಿ, ಮೇಲೆ 150 ರೂಪಾಯಿ ಅವರೇ ಕೊಡಬೇಕು. ದಂಡ ಇದ್ದರೆ ಅದು ಬೇರೆ.

ಇಷ್ಟರ ಮೇಲೆ ಬಾಕಿದಾರರ ಪಟ್ಟಿಯನ್ನು ನೋಟಿಸ್ ಬೋರ್ಡ್‌ಗೆ ಹಾಕುವ ಕ್ಲಬ್‌ಗಳೂ ಇವೆ. ಊರಲ್ಲಿ ಉದ್ರಿ ವ್ಯವಹಾರ ನಡೆಸುವ ಅಂಗಡಿಯವರಿಗೆ 150 ರೂಪಾಯಿಗಿಂತ ಆ ಹೆಸರಿನದೇ ಚಿಂತೆ.

ಪತ್ರ ಹೇಗಿರಬೇಕು

ವಾಟ್ಸಾಪ್ ಮೆಸೇಜ್, ಫೋನ್, 'ಅಧ್ಯಕ್ಷರಿಗೆ ಹೇಳಿದ್ದೀನಿ' ಅನ್ನೋದು ಸಾಲದು. ಕಾರ್ಯದರ್ಶಿ ಹೆಸರಿಗಲ್ಲ, ಹುದ್ದೆಗೆ ಬರೆಯಬೇಕು. ನಾಳೆ ಪದಾಧಿಕಾರಿ ಬದಲಾದರೂ ಪತ್ರ ಕ್ಲಬ್‌ನ ಫೈಲಿನಲ್ಲಿರುತ್ತದೆ. ಒಕ್ಕಣೆ ಇಷ್ಟಿದ್ದರೆ ಸಾಕು:

'ನನ್ನ ಸದಸ್ಯತ್ವ ಸಂಖ್ಯೆ ಇಂತಿಷ್ಟು. ಮಾರ್ಚ್ 31ರಿಂದ ಜಾರಿಗೆ ಬರುವಂತೆ ರಾಜೀನಾಮೆ ನೀಡುತ್ತಿದ್ದೇನೆ. ಮುಂದಿನ ಸಮಿತಿ ಸಭೆಯಲ್ಲಿಟ್ಟು ನಿರ್ಣಯದ ಪ್ರತಿ ಕೊಡಿ. ಬಾಕಿ ಇದ್ದರೆ ತಿಳಿಸಿ, ಅದನ್ನು ಕಳೆದು ಠೇವಣಿ ಹಿಂದಿರುಗಿಸಿ.'

ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕ ಸಮೇತ ಸೀಲು, ಸಹಿ ಹಾಕಿಸಿಕೊಳ್ಳಬೇಕು. 'ಆಮೇಲೆ ನೋಡೋಣ ಬಿಡಿ' ಅಂದು ತೆಗೆದುಕೊಳ್ಳದಿದ್ದರೆ, ತಲುಪಿದ್ದಕ್ಕೆ ಸಹಿ ಬರುವ ಹಾಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಬೇಕು. ಗುರುತಿನ ಚೀಟಿ, ಮನೆಯವರ ಹೆಸರಿನ ಕಾರ್ಡ್ ಇದ್ದರೆ ಅವನ್ನೂ ವಾಪಸ್ ಕೊಟ್ಟು ರಸೀದಿ ಪಡೆಯಬೇಕು. ಇಲ್ಲದಿದ್ದರೆ ಆ ಕಾರ್ಡಿನ ಬಿಲ್ ಬಂದು ನಿಲ್ಲುತ್ತದೆ.

ಸಮಿತಿ ಎಳೆದಾಡಿದರೆ

ಸಭೆ ಮುಗಿದರೂ ಉತ್ತರ ಬರದಿದ್ದರೆ, ಮೊದಲ ಪತ್ರದ ದಿನಾಂಕ ನಮೂದಿಸಿ ಜ್ಞಾಪನಾ ಪತ್ರ ಕೊಡಬೇಕು. ಹಳೆ ಬಾಕಿ ಬಗ್ಗೆ ಕ್ಲಬ್‌ನವರು ಪತ್ರ ಕೊಟ್ಟು ಸಹಿ ಕೇಳಿದರೆ ಓದದೆ ಹಾಕಬಾರದು. ಹಣ ವಸೂಲಿಗೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇರುತ್ತದೆ. ಆ ಅವಧಿಯೊಳಗೆ 'ಬಾಕಿ ಇದೆ' ಎಂದು ಬರೆದುಕೊಟ್ಟರೆ ಮೂರು ವರ್ಷ ಮತ್ತೆ ಮೊದಲಿನಿಂದ ಶುರು.

ಸರ್ಕಾರಿ ಸಾರ್ವಜನಿಕ ಗ್ರಂಥಾಲಯಕ್ಕೆ ಈ ಸಮಿತಿ ತಾಪತ್ರಯ ಇಲ್ಲ. ಪುಸ್ತಕ, ಕಾರ್ಡ್ ಒಪ್ಪಿಸಿ, ಠೇವಣಿ ರಸೀದಿ ತೋರಿಸಿ ಹಣ ಕೇಳಬಹುದು. ಕ್ಲಬ್ ವಿಷಯದಲ್ಲಿ ಮಾತ್ರ ನಿರ್ಣಯದ ಪ್ರತಿ, ಬಾಕಿ ಇಲ್ಲ ಎಂಬ ಪತ್ರ ಎರಡೂ ಕೈಗೆ ಬರುವವರೆಗೆ ಠೇವಣಿ ರಸೀದಿಯ ಮೂಲ ಪ್ರತಿಯನ್ನು ಬಿಟ್ಟುಕೊಡದೆ, ಜೆರಾಕ್ಸ್ ಕೊಟ್ಟರೆ ಒಳ್ಳೆಯದು.